ಬಿಸಿಲೂರಿನ ಮಕ್ಕಳ ಡಬ್ಬಿಗೆ ಏನು ಕಟ್ಟಬೇಕು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಮಾರ್ಚ್ ಬಿಸಿಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಬೆಳಿಗ್ಗೆ ಏಳಕ್ಕೆ ನೀವು ಕಟ್ಟಿದ ಡಬ್ಬಿಯನ್ನು ಮಗು ಬಿಚ್ಚುವುದು ಹನ್ನೆರಡೂವರೆಗೆ. ಅಷ್ಟೂ ಹೊತ್ತು ಅದು ಆಟೋದಲ್ಲಿ, ಆಮೇಲೆ ಕಿಟಕಿ ಪಕ್ಕದ ಬ್ಯಾಗಿನಲ್ಲಿ ಬೇಯುತ್ತಿರುತ್ತದೆ. ನೀರಿನಂಶ ಉಳಿದ ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂದು ಆಹಾರ ಸುರಕ್ಷತೆಯವರು ಹೇಳುತ್ತಾರೆ. ನಮ್ಮ ಊರಿನಲ್ಲಿ ಆ ಲೆಕ್ಕ ಹಿಡಿದರೆ ಪಲ್ಯದ ಆಯುಸ್ಸು ಮೊದಲ ಪೀರಿಯಡ್ಡಿಗೇ ಮುಗಿಯಿತು.

ಹಾಗಾದರೆ ಏನು ಕಟ್ಟುವುದು? ಶೇಂಗಾ ಹೋಳಿಗೆಯನ್ನೂ ಕಡಲೆಬೇಳೆ ಹೋಳಿಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬೆಲ್ಲವಿದೆ, ಎರಡೂ ಹಂಚಿನ ಮೇಲೆ ಬೆಂದವು. ಬೇಳೆಯದು ಈ ಬಿಸಿಲಿಗೆ ಮರುದಿನವೇ ಹಳಸುತ್ತದೆ. ಶೇಂಗಾದ್ದು ವಾರ ಕಳೆದರೂ ಚೆನ್ನಾಗಿರುತ್ತದೆ. ಬೇಳೆಯನ್ನು ನೀರಲ್ಲಿ ಬೇಯಿಸಿ ರುಬ್ಬುತ್ತೇವೆ, ಎಷ್ಟು ಬಸಿದರೂ ಹೂರಣದಲ್ಲಿ ನೀರು ಉಳಿಯುತ್ತದೆ. ಸೂಕ್ಷ್ಮಜೀವಿ ಬೆಳೆಯಲು ಆ ನೀರೇ ಬೇಕು. ಹುರಿದ ಶೇಂಗಾದಲ್ಲಿ ನೀರು ಹೆಚ್ಚುಕಡಿಮೆ ಆರಿಯೇ ಹೋಗಿರುತ್ತದೆ, ಉಳಿದ ಚೂರುಪಾರನ್ನು ಬೆಲ್ಲ ತನ್ನತ್ತ ಎಳೆದು ಹಿಡಿದುಕೊಳ್ಳುತ್ತದೆ.

ಮಾಡುವ ಕ್ರಮದಲ್ಲಿ ಎಡವಿದರೆ ಮಾತ್ರ ಶೇಂಗಾ ಹೋಳಿಗೆಯೂ ಕೈಕೊಡುತ್ತದೆ. ಒಂದು ಬಟ್ಟಲು ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಸುಕ್ಕಿದ್ದು, ಕಪ್ಪಾದದ್ದು, ಬೂಸಲು ಕಂಡದ್ದನ್ನು ಹುರಿಯುವ ಮೊದಲೇ ಎಸೆಯಿರಿ, ಅದರ ವಿಷ ಹುರಿದರೆ ಹೋಗುವುದಿಲ್ಲ. ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ, ಒಂದೆರಡು ಚಮಚ ಹುರಿದ ಎಳ್ಳು, ಏಲಕ್ಕಿ ಸೇರಿಸಿ ಮತ್ತೊಂದು ಸುತ್ತು ಮಿಕ್ಸಿಗೆ ಹಾಕಿ. ಶೇಂಗಾ ಎಣ್ಣೆ ಬಿಡುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುತ್ತದೆ. ನಿಲ್ಲಲಿಲ್ಲವೆಂದು ಹಾಲನ್ನೋ ನೀರನ್ನೋ ಚಿಮುಕಿಸುವವರಿದ್ದಾರೆ. ಚಿಮುಕಿಸಿದರೆ ಅದು ಬೇಳೆ ಹೋಳಿಗೆಯ ಸಾಲಿಗೇ ಸೇರಿತು. ಇನ್ನೊಂದು ಸುತ್ತು ತಿರುಗಿಸಿ, ಸಾಕು. ಉಂಡೆಯನ್ನು ಕಣಕದೊಳಗೆ ತುಂಬಿ ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಅಂಚು ಗರಿಯಾಗುವವರೆಗೆ ಬೇಯಿಸಿ, ಒಂದರ ಮೇಲೊಂದು ಪೇರಿಸದೆ ಬಟ್ಟೆಯ ಮೇಲೆ ಹರಡಿ ಆರಿಸಿ. ಶಾಲೆಯಲ್ಲಿ ಶೇಂಗಾ ಒಗ್ಗದ ಮಗುವಿದ್ದರೆ ಪುಟಾಣಿ ಪುಡಿಯಲ್ಲಿ ಮಾಡಬಹುದು. ಅದು ಎಣ್ಣೆ ಬಿಡುವುದಿಲ್ಲ, ಸ್ವಲ್ಪ ತುಪ್ಪ ಬೇಕಾಗುತ್ತದೆ.

ದಿನಾ ಸಿಹಿ ಕೊಡಲಾಗುವುದಿಲ್ಲ, ಒಪ್ಪಿದೆ. ಮೆಂತ್ಯ ಸೊಪ್ಪಿನ ಚಪಾತಿ ಕೊಡಿ. ಸೊಪ್ಪನ್ನು ತೊಳೆದು ನೀರಾರಿಸಿ ಕಲಸಿ, ಹಿಟ್ಟಿಗೆ ಎಣ್ಣೆ ಮುಂದಾಗಿರಲಿ. ಜೊತೆಗೆ ಹಸಿ ಕೊಬ್ಬರಿ ಚಟ್ನಿ ಬೇಡ, ಮಧ್ಯಾಹ್ನದ ಹೊತ್ತಿಗೆ ಅದು ಹುಳಿ ವಾಸನೆ ಹೊಡೆಯುತ್ತದೆ. ನಮ್ಮ ಶೇಂಗಾ ಹಿಂಡಿಗೆ ಒಂದು ಚಮಚ ತುಪ್ಪ ಕಲಸಿ ಚಪಾತಿಗೆ ಸವರಿ ಸುತ್ತಿಬಿಡಿ. ಹಣ್ಣಾದರೆ ಇಡೀ ಬಾಳೆಹಣ್ಣು, ಇಡೀ ಪೇರಲ. ಹೆಚ್ಚಿ ಉಪ್ಪು ಉದುರಿಸಿದ ಸೌತೆಕಾಯಿ ಒಂದು ಗಂಟೆಯಲ್ಲಿ ಡಬ್ಬಿ ತುಂಬ ನೀರು ಬಿಡುತ್ತದೆ, ಪಕ್ಕದ ಚಕ್ಕುಲಿಯನ್ನೂ ಮೆತ್ತಗೆ ಮಾಡುತ್ತದೆ.

ಅನ್ನದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ರಾತ್ರಿ ಹೊರಗೇ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಬೇಡಿ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತಾಗ ಅವು ಚಿಗುರಿ, ವಾಂತಿ ತರಿಸುವ ವಿಷವನ್ನು ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಬೇಳೆ ಹೂರಣವಾದರೆ ಬೆರಳಿಗೆ ನೂಲಿನಂತೆ ಎಳೆ ಬಂದು ತಾನು ಹಳಸಿದ್ದನ್ನು ಹೇಳುತ್ತದೆ. ಅನ್ನ ಹಾಗೆ ಹೇಳಿಕೊಳ್ಳುವುದಿಲ್ಲ. ಮಗುವಿಗೆ ಅನ್ನವೇ ಬೇಕೆಂದರೆ ಬೆಳಿಗ್ಗೆ ಮಾಡಿ. ಬಿಸಿ ಹಿಡಿಯುವ ಫ್ಲಾಸ್ಕ್ ಡಬ್ಬಿಯಲ್ಲಿ ಕುದಿಯುವ ನೀರನ್ನು ಹತ್ತು ನಿಮಿಷ ನಿಲ್ಲಿಸಿ ಚೆಲ್ಲಿ, ಹಬೆಯಾಡುವ ಅನ್ನವನ್ನು ತುಂಬಿ ಮುಚ್ಚಿ. ಊಟದ ಹೊತ್ತಿಗೂ ಅದು ಬಿಸಿಯಾಗಿಯೇ ಇರಬೇಕು. ಉಗುರುಬೆಚ್ಚಗಾಗಿದ್ದರೆ ಆ ಡಬ್ಬಿಯನ್ನು ಅನ್ನಕ್ಕೆ ನಂಬಬೇಡಿ.

ಸಾದಾ ಸ್ಟೀಲ್ ಡಬ್ಬಿಗೆ ಇದರ ತಿರುಗುಮುರುಗು. ಬಿಸಿ ಚಪಾತಿ ಹಾಕಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಕೆಳಗೆ ಬೀಳುತ್ತದೆ, ಒಣ ತಿಂಡಿಗೆ ನಾವೇ ನೀರು ಹಾಕಿದಂತೆ. ತಟ್ಟೆಯಲ್ಲಿ ಹರಡಿ, ಕಾಲು ಗಂಟೆ ಫ್ಯಾನ್ ಕೆಳಗಿಟ್ಟು ಕಟ್ಟಿ. ಅವಸರದಲ್ಲಿ ಇದೇ ತಪ್ಪಿಹೋಗುವುದು, ಹಾಗಾಗಿ ಮೊದಲು ಚಪಾತಿ ಮಾಡಿಟ್ಟು ಆಮೇಲೆ ಮಗುವಿಗೆ ಜಡೆ ಹಾಕಲು ಕೂಡಿ.

ಇಷ್ಟೆಲ್ಲ ಮಾಡಿದರೂ ಡಬ್ಬಿ ಹುಳಿ ವಾಸನೆ ಬರುತ್ತಿದ್ದರೆ ಮುಚ್ಚಳದ ರಬ್ಬರ್ ವಾಷರ್ ಬಿಚ್ಚಿ ನೋಡಿ. ಅದರ ಸಂದಿಯಲ್ಲಿ ಹಳೆಯ ಸಾರಿನ ಜಿಗುಟು ಕೂತಿರುತ್ತದೆ. ಚಮಚದ ಹಿಡಿಯಿಂದ ಎಬ್ಬಿಸಿ, ಸೋಪು ಹಾಕಿ ಉಜ್ಜಿ, ಬೇರೆಯಾಗಿಯೇ ಒಣಗಿಸಿ, ಬೆಳಿಗ್ಗೆ ಡಬ್ಬಿ ಕಟ್ಟುವಾಗ ಮತ್ತೆ ಕೂರಿಸಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.