ನಿಫ್ಟಿ ಐರನ್ ಕಾಂಡೋರ್: ಮೊದಲು ನಷ್ಟದ ಮಿತಿ, ಆಮೇಲೆ ಸ್ಟ್ರೈಕ್

ನಮಸ್ಕಾರ. ಬೆಳಗಾವಿಯ ಖಡೇಬಜಾರ್‌ನಲ್ಲಿ ಬಟ್ಟೆ ಅಂಗಡಿ ಇರುವ ಗೆಳೆಯನೊಬ್ಬ ಕೇಳಿದ: "ದೋಸ್ತ, ವಾರಕ್ಕ ಹತ್ತ ಸಾವಿರಕ್ಕಿಂತ ಜಾಸ್ತಿ ಹೋಗಬಾರದು. ಹಂಗ ಕಾಂಡೋರ್ ಹಾಕಾಕ ಬರ್ತದೇನು?" ಬರುತ್ತದೆ. ಅವನ ಲೆಕ್ಕವನ್ನೇ ಇವತ್ತು ಹಾಕೋಣ.

ಕಾಂಡೋರ್‌ನಲ್ಲಿ ನಾಲ್ಕು ಆಪ್ಷನ್. ಮೇಲೆ ಒಂದು ಕಾಲ್, ಕೆಳಗೆ ಒಂದು ಪುಟ್ ಮಾರುತ್ತೀರಿ. ಅವೆರಡರ ಆಚೆ ಒಂದೊಂದು ಕೊಳ್ಳುತ್ತೀರಿ, ಅದು ಹೆಡ್ಜ್. ನಿಫ್ಟಿ ನಡುವೆಯೇ ಉಳಿದರೆ ಬಂದ ಪ್ರೀಮಿಯಂ ನಿಮ್ಮದು. ಇಷ್ಟು ಗೊತ್ತೇ ಇರುತ್ತದೆ ಅಲ್ವಾ? ಗೊಂದಲ ಇರುವುದು ಎಷ್ಟು ದೂರ ಮಾರಬೇಕು ಅನ್ನುವುದರಲ್ಲಿ. ಸುಮ್ನೆ "500 ಪಾಯಿಂಟ್ ದೂರ" ಅಂತ ಪ್ರತಿ ವಾರ ಹಾಕುವವರಿದ್ದಾರೆ. ಶಾಂತ ವಾರದಲ್ಲಿ ಆ 500 ತುಂಬಾ ದೂರ, ಬಜೆಟ್ ವಾರದಲ್ಲಿ ತೀರಾ ಹತ್ತಿರ.

ಅದಕ್ಕೇ ಎಕ್ಸ್‌ಪೆಕ್ಟೆಡ್ ಮೂವ್ ನೋಡುವುದು. ನಿಫ್ಟಿ 25,000, ಐವಿ 12 ಪರ್ಸೆಂಟ್, ಎಕ್ಸ್‌ಪೈರಿಗೆ 7 ದಿನ ಎಂದುಕೊಳ್ಳೋಣ.

[ತೆರೆಯ ಮೇಲೆ: 25,000 × 0.12 × √(7 ÷ 365) ≈ 415]

ಅಂದರೆ ಮುಂದಿನ ಮಂಗಳವಾರ ನಿಫ್ಟಿ 24,585 ಮತ್ತು 25,415ರ ನಡುವೆ ಮುಗಿಯುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಎಂದು ಆಪ್ಷನ್ ಬೆಲೆಗಳೇ ಹೇಳುತ್ತಿವೆ. ಕೆಲವರು ಎಟಿಎಂ ಸ್ಟ್ರಾಡಲ್ ಬೆಲೆಯನ್ನೇ ಎಕ್ಸ್‌ಪೆಕ್ಟೆಡ್ ಮೂವ್ ಅನ್ನುತ್ತಾರೆ. ಇಲ್ಲಿ ಅದು ಸುಮಾರು 330 ಬರುತ್ತದೆ, ಈ 415ರ ಐದರಲ್ಲಿ ನಾಲ್ಕು ಪಾಲು ಮಾತ್ರ. ಅದನ್ನು ನಂಬಿ ಮಾರಿದರೆ ಸ್ಟ್ರೈಕ್ ಹತ್ತಿರ ಬಂದುಬಿಡುತ್ತದೆ.

ನಿಫ್ಟಿ ಸ್ಟ್ರೈಕ್ 50ರ ಅಂತರದಲ್ಲಿ ಸಿಗುತ್ತವೆ, ಹಾಗಾಗಿ ಹೊರಗಿನ ಕಡೆಗೆ ಸರಿಸಿ. ಮಾರುವುದು 25,450 ಕಾಲ್ ಮತ್ತು 24,550 ಪುಟ್. ಇವನ್ನು ಮಾರುಕಟ್ಟೆ ತೀರ್ಮಾನಿಸಿತು. ಹೆಡ್ಜ್ ಎಲ್ಲಿ ಅನ್ನುವುದನ್ನು ನಿಮ್ಮ ಜೇಬು ತೀರ್ಮಾನಿಸಬೇಕು.

ಮೊದಲು 200 ಪಾಯಿಂಟ್ ಅಗಲ ನೋಡೋಣ. ಬೆಲೆಗಳು ಉದಾಹರಣೆಗೆ ಮಾತ್ರ. ಕಾಲ್ 28ಕ್ಕೆ ಮಾರಿ 25,650 ಅನ್ನು 10ಕ್ಕೆ ಕೊಂಡರೆ 18. ಪುಟ್ 38ಕ್ಕೆ ಮಾರಿ 24,350 ಅನ್ನು 18ಕ್ಕೆ ಕೊಂಡರೆ 20. ಕೈಗೆ ಬಂದದ್ದು 38. ನಿಫ್ಟಿ ಒಂದೇ ಹೊತ್ತಿಗೆ ಎರಡೂ ಕಡೆ ಹೋಗಲಾರದು, ಹಾಗಾಗಿ ನಷ್ಟ ಒಂದೇ ಬದಿಯದು: 200ರಲ್ಲಿ 38 ಕಳೆದರೆ 162. ಲಾಟ್ 65 ಆದರೆ 10,530 ರೂಪಾಯಿ. ಗೆಳೆಯನ ಮಿತಿ ದಾಟಿತು.

ಈಗ ಅಗಲ 150 ಮಾಡಿ. 25,600 ಕಾಲ್ 13ಕ್ಕೆ, 24,400 ಪುಟ್ 22ಕ್ಕೆ. ಬರುವುದು 31, ಅಂದರೆ 2,015 ರೂಪಾಯಿ. ಗರಿಷ್ಠ ನಷ್ಟ 119, ಅಂದರೆ 7,735. ಬ್ರೋಕರೇಜ್, ತೆರಿಗೆ ಸೇರಿಸಿದರೂ ಮಿತಿಯೊಳಗೆ ಇದೆ. ನಷ್ಟ ಶುರುವಾಗುವುದು 24,519ರ ಕೆಳಗೆ ಅಥವಾ 25,481ರ ಮೇಲೆ.

ಒಂದು ಮಾತು ಮರೆಮಾಚುವುದು ಬೇಡ. ಒಂದು ವಾರದ ಪೂರ್ತಿ ನಷ್ಟ, ಹೆಚ್ಚುಕಡಿಮೆ ನಾಲ್ಕು ವಾರದ ಪೂರ್ತಿ ಲಾಭವನ್ನು ನುಂಗುತ್ತದೆ. "ಹತ್ತರಲ್ಲಿ ಏಳು ಸಲ ಗೆಲ್ತೀನಿ" ಅನ್ನುವುದರಿಂದಲೇ ದುಡ್ಡು ಉಳಿಯುವುದಿಲ್ಲ. ಐವಿ ಹೇಳಿದ್ದಕ್ಕಿಂತ ನಿಫ್ಟಿ ಕಡಿಮೆ ಓಡಾಡಿದರೆ ಮಾತ್ರ ನಿಮಗೆ ಲಾಭದ ಜಾಗ ಇದೆ. ಐವಿ ತೀರಾ ಕೆಳಗಿದ್ದ ವಾರ ನಾನಂತೂ ಬಿಟ್ಟುಬಿಡುತ್ತೇನೆ.

ಈಗ ಆರ್ಡರ್. ಮೊದಲು ಹೆಡ್ಜ್ ಕೊಳ್ಳಿ, ಆಮೇಲೆ ಮಾರಿ. ಮಾರ್ಜಿನ್ ಕಡಿಮೆ ಬೀಳುತ್ತದೆ, ನಡುವೆ ನೆಟ್‌ವರ್ಕ್ ಕೈಕೊಟ್ಟರೂ ಹೆಡ್ಜ್ ಇಲ್ಲದೆ ಮಾರಿದ್ದು ಉಳಿಯುವುದಿಲ್ಲ. ಲಿಮಿಟ್ ಆರ್ಡರ್ ಹಾಕಿ. ದೂರದ ಸ್ಟ್ರೈಕ್‌ನಲ್ಲಿ ಬಿಡ್ ಮತ್ತು ಆಸ್ಕ್ ನಡುವೆ ಒಂದೊಂದು ರೂಪಾಯಿ ಹೋದರೂ ನಾಲ್ಕು ಆಪ್ಷನ್‌ಗೆ 4 ಪಾಯಿಂಟ್ ಹೋಯಿತು, ಅದು ನಿಮ್ಮ 31ರಲ್ಲೇ. ಹೊರಬರುವಾಗ ಉಲ್ಟಾ: ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ.

ಮಿತಿ ಒಡೆಯುವುದು ಸಾಮಾನ್ಯವಾಗಿ ಹೀಗೆ. ನಿಫ್ಟಿ ಒಂದೇ ದಿನ 300 ಬೀಳುತ್ತದೆ, ಕೊಂಡ ಪುಟ್ ಹಸಿರು ತೋರಿಸುತ್ತದೆ. "ಇಷ್ಟಾದರೂ ಲಾಭ ಬರಲಿ" ಅಂತ ಅದನ್ನು ಮಾರುತ್ತಾರೆ. ಆ ಕ್ಷಣಕ್ಕೆ ಕಾಂಡೋರ್ ಇಲ್ಲ, ಬರೀ ಮಾರಿದ ಪುಟ್ ಉಳಿಯಿತು. 7,735 ಅನ್ನುವ ಲೆಕ್ಕವೂ ಹೋಯಿತು. ಗಾಬರಿಗೂ ಕಾರಣ ಇದೆ: ಎಕ್ಸ್‌ಪೈರಿಯಂದು ಸ್ಟ್ರೈಕ್‌ನ ಆಚೆ ಮುಗಿಯುವುದಕ್ಕಿಂತ, ವಾರದಲ್ಲಿ ಒಮ್ಮೆ ಮುಟ್ಟಿ ಹೋಗುವ ಸಾಧ್ಯತೆ ಸುಮಾರು ಎರಡು ಪಟ್ಟು. ಮುಟ್ಟಿದರೆ ಏನು ಮಾಡುತ್ತೀರಿ ಅನ್ನುವುದನ್ನು ಆರ್ಡರ್ ಹಾಕುವ ಮೊದಲೇ ಬರೆದಿಡಿ. ಹೊರಬರುವುದಾದರೆ ಆ ಬದಿಯ ಎರಡೂ ಆಪ್ಷನ್ ಒಟ್ಟಿಗೆ ಮುಚ್ಚಿ.

ಕೊನೆಗೆ ಎಕ್ಸ್‌ಪೈರಿ ದಿನ. ಅವತ್ತು ಮಾರಿದ ಇಂಡೆಕ್ಸ್ ಆಪ್ಷನ್‌ಗೆ ಹೆಚ್ಚುವರಿ 2 ಪರ್ಸೆಂಟ್ ಮಾರ್ಜಿನ್ ಬೇಕು, ಸೆಬಿ 2024ರ ನವೆಂಬರ್‌ನಿಂದ ತಂದ ನಿಯಮ. ಖಾತೆಯಲ್ಲಿ ಆ ದುಡ್ಡು ಇರದಿದ್ದರೆ ಸೋಮವಾರವೇ ನಾಲ್ಕನ್ನೂ ಮುಚ್ಚಿಬಿಡಿ.