ಜರ್ಮನ್ ಪದ ಎಷ್ಟೇ ಉದ್ದ ಇರಲಿ, ವಿಗ್ರಹವಾಕ್ಯ ಬಿಡಿಸಿ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ಪಾಠ ಇತ್ತು. ಅದನ್ನ ಮುಂದಿನ ವಾರಕ್ಕೆ ಹಾಕಿದೀನಿ, ಯಾಕಂದ್ರೆ ಹೋದ ಸಲದ ವಿಡಿಯೋಗೆ ಒಬ್ಬರು ಬರೆದ ಮಾತು ಮೂರು ದಿನದಿಂದ ನನ್ನ ತಲೇಲಿ ಕೂತಿದೆ.

ಹೋದ ಸಲ ಒಂದು ಪದ ಹೇಳಿಕೊಟ್ಟಿದ್ದೆ. ಆರ್ಬೈಟ್ಸ್‌ಉನ್‌ಫೇಯಿಶ್‌ಕೈಟ್ಸ್‌ಬೆಶೈನಿಗುಂಗ್. ಜರ್ಮನಿಗೆ ಕೆಲಸಕ್ಕೆ ಹೋಗೋ ನಮ್ಮ ನರ್ಸ್‌ಗಳು, ಇಂಜಿನಿಯರ್‌ಗಳು ಮೊದಲ ಚಳಿಗಾಲದಲ್ಲೇ ಎದುರಿಸೋ ಪದ. ನಾನು ಅದಕ್ಕೆ "ಕೆಲಸಕ್ಕೆ ಬರೋ ಸ್ಥಿತೀಲಿಲ್ಲ ಅಂತ ಡಾಕ್ಟರು ಬರೆದುಕೊಡೋ ಚೀಟಿ" ಅಂದಿದ್ದೆ. ಅವರು ಏನು ಬರೆದರು ಗೊತ್ತಾ? "ಸರ್, ಇಷ್ಟುದ್ದ ಯಾಕೆ ಎಳೀತೀರಿ? ಕಾರ್ಯಾಸಾಮರ್ಥ್ಯ ಪ್ರಮಾಣಪತ್ರ ಅಂದ್ರೆ ಮುಗೀತಲ್ಲ. ಒಂದು ಪದಕ್ಕೆ ಒಂದು ಪದ."

ಮುಗಿಯಲ್ಲ. ಆ ಪದ ಇನ್ನೊಂದು ಸಲ ಕೇಳಿ. ಕಾರ್ಯಸಾಮರ್ಥ್ಯ. ಕಾರ್ಯಾಸಾಮರ್ಥ್ಯ. ಎರಡಕ್ಕೂ ಇರೋ ವ್ಯತ್ಯಾಸ 'ಯ' ಮುಂದಿನ ಒಂದೇ ಒಂದು ದೀರ್ಘ. ಮೊದಲನೇದಕ್ಕೆ ಕೆಲಸ ಮಾಡೋ ಶಕ್ತಿ ಇದೆ ಅಂತ ಅರ್ಥ, ಎರಡನೇದಕ್ಕೆ ಇಲ್ಲ ಅಂತ. ಫೋನಲ್ಲಿ, ಮೂಗು ಕಟ್ಟಿರೋ ದನೀಲಿ ಇದನ್ನ ಹೇಳಿದರೆ ಕೇಳೋರಿಗೆ ಅರ್ಥ ಪೂರ್ತಿ ತಿರುಗಿಹೋಗುತ್ತೆ. ಜರ್ಮನ್ ಪದದಲ್ಲಿ 'ಉನ್' ಅಂತ ಒಂದು ತುಂಡು ಎದ್ದು ನಿಂತು ಇಲ್ಲ ಅಂತ ಹೇಳುತ್ತೆ. ಕನ್ನಡಕ್ಕೆ ತರೋವಾಗ ನೀವು ಅದನ್ನ ಒಂದು ದೀರ್ಘದೊಳಗೆ ಹೂತುಬಿಟ್ಟಿರಿ.

ನಾನು ಹೇಳೋದು ಒಂದೇ. ಒಂದು ಪದಕ್ಕೆ ಒಂದು ಪದ ಹುಡುಕಬೇಡಿ. ವಿಗ್ರಹವಾಕ್ಯ ಬಿಡಿಸಿ.

ಹೈಸ್ಕೂಲಲ್ಲಿ ಎಲ್ಲರೂ ಮಾಡಿದೀವಿ. ಮಳೆಗಾಲ, ಮಳೆಯ ಕಾಲ. ಹಗಲುಗನಸು, ಹಗಲಿನಲ್ಲಿ ಕನಸು. ಪರೀಕ್ಷೇಲಿ ಮಾರ್ಕ್ಸ್‌ಗೆ ಬರೆದು ಮರೆತುಬಿಟ್ಟಿದೀವಿ ಅಷ್ಟೆ. ಜರ್ಮನ್‌ರಿಗೂ ಇವು ಇವೆ ರೀ! ಮಳೆಗಾಲಕ್ಕೆ ರೇಗೆನ್‌ತ್ಸೈಟ್, ಹಗಲುಗನಸಿಗೆ ಟಾಗ್‌ಟ್ರೌಮ್. ತುಂಡಿಗೆ ತುಂಡು ಕೂರುತ್ತೆ. ಇಂಥ ಕಡೆ ಕನ್ನಡದ ಪದ ಸಿದ್ಧವಾಗಿದೆ, ಸಂತೋಷವಾಗಿ ಹೇಳಿ. ಸಿಗದೇ ಇದ್ದಾಗ ಹೊಸದಾಗಿ ಇನ್ನೊಂದು ಗಂಟು ಹಾಕಬೇಡಿ. ಇರೋ ಗಂಟನ್ನ ಬಿಚ್ಚಿ.

ಬಿಚ್ಚೋದು ಹೇಗೆ? ಹಿಂದಿನಿಂದ. ಕೊನೇ ತುಂಡೇ ಯಜಮಾನ. ಬೆಶೈನಿಗುಂಗ್ ಅಂದ್ರೆ ಹೀಗಿದೆ ಅಂತ ಬರೆದುಕೊಡೋ ಪತ್ರ. ಅದು ಸ್ತ್ರೀಲಿಂಗ, ಆದ್ದರಿಂದ ಇಡೀ ಪದವೂ ಸ್ತ್ರೀಲಿಂಗ, ಪದಕ್ಕೆ ಮೊದಲು ಸ್ತ್ರೀಲಿಂಗದ ಗುರುತು 'ಡೀ' ಬರುತ್ತೆ. ಬಹುವಚನ ಮಾಡೋದೂ ಅದಕ್ಕೇ. ಏನಂತ ಪತ್ರ? ಉನ್‌ಫೇಯಿಶ್‌ಕೈಟ್, ಆಗದೇ ಇರೋ ಸ್ಥಿತಿ. ಏನು ಆಗದೇ? ಆರ್ಬೈಟ್, ಕೆಲಸ. ಈಗ ಮುಂದಿನಿಂದ ಓದಿ: ಕೆಲಸ, ಆಗದ ಸ್ಥಿತಿ, ಪತ್ರ. ಕ್ರಮ ಒಂಚೂರೂ ಬದಲಾಗಲಿಲ್ಲ, ನೋಡಿದ್ರಾ? ಇಂಗ್ಲಿಷಲ್ಲಿ ಇದನ್ನ ವಿವರಿಸೋಕೆ ಹೋದರೆ ಸಾಮಾನ್ಯವಾಗಿ ಬಾಲದಿಂದ ತಲೆಗೆ ನಡೀಬೇಕು. ನಮಗೆ ಬೇಡ. ವಿಶೇಷಣ ಮುಂದೆ, ಯಜಮಾನ ಹಿಂದೆ ಅನ್ನೋದು ನಮ್ಮ ಮನೇ ಪದ್ಧತಿ. ಹಾಗಿರೋವಾಗ ಜರ್ಮನ್ ಪದವನ್ನ ಮೊದಲು ಇಂಗ್ಲಿಷಿಗೆ ಹಾಕಿ ಆಮೇಲೆ ಕನ್ನಡಕ್ಕೆ ತರೋದು ಸುಮ್ಮನೆ ಊರು ಸುತ್ತಿ ಮನೆಗೆ ಬಂದ ಹಾಗೆ.

ಮೆಕ್ಲೆನ್‌ಬುರ್ಗ್-ಫೋರ್ಪೊಮ್ಮರ್ನ್ ಅನ್ನೋ ಜರ್ಮನಿಯ ರಾಜ್ಯದಲ್ಲಿ 1999ರಲ್ಲಿ ಬಂದ ಒಂದು ಕಾನೂನಿನ ಹೆಸರು 63 ಅಕ್ಷರ. 2013ರಲ್ಲಿ ಅದನ್ನ ರದ್ದು ಮಾಡಿದರು. ಆ ಹೆಸರಿನ ತುಂಡುಗಳು ಇವು: ರಿಂಡ್‌ಫ್ಲೈಶ್, ಎಟಿಕೆಟೀರುಂಗ್, ಊಬರ್‌ವಾಖುಂಗ್, ಔಫ್‌ಗಾಬೆನ್, ಊಬರ್‌ಟ್ರಾಗುಂಗ್, ಗೆಸೆಟ್ಸ್. ಕನ್ನಡದಲ್ಲಿ ಸಾಲಾಗಿ ಹೇಳ್ತೀನಿ: ದನದ ಮಾಂಸಕ್ಕೆ ಲೇಬಲ್ ಹಚ್ಚೋದರ ಮೇಲ್ವಿಚಾರಣೆಯ ಕೆಲಸಗಳನ್ನ ವಹಿಸಿಕೊಡೋ ಕಾನೂನು. ಆರು ತುಂಡು, ಅದೇ ಕ್ರಮ. ನಾನು ಸೇರಿಸಿದ್ದು 'ಕ್ಕೆ', 'ರ', 'ಯ', 'ಅನ್ನ' ಇಷ್ಟೇ.

ಆದರೆ ಆ 'ಕ್ಕೆ', 'ಯ' ಎಲ್ಲಿಂದ ಬಂತು? ಇಲ್ಲೇ ಜನ ಜಾರೋದು. ಜರ್ಮನ್ ಪದ ತುಂಡುಗಳನ್ನ ಪಕ್ಕಪಕ್ಕ ಇಡುತ್ತೆ, ವಿಭಕ್ತಿ ಹೇಳಲ್ಲ. ಆಪ್ಫೆಲ್‌ಕೂಖೆನ್ ಸೇಬು ಹಾಕಿ ಮಾಡಿದ ಕೇಕು. ಮಾರ್ಮೊರ್‌ಕೂಖೆನ್ ಅಂದ್ರೆ ಅಮೃತಶಿಲೆ ಹಾಕಿ ಮಾಡಿದ್ದಲ್ಲ, ಅಮೃತಶಿಲೆ ಥರ ಗೆರೆ ಕಾಣೋ ಕೇಕು. ಹುಂಡೆಕೂಖೆನ್? ಹುಂಡ್ ಅಂದ್ರೆ ನಾಯಿ. ಅದು ನಾಯಿಗೆ ಹಾಕೋ ಬಿಸ್ಕತ್ತು. ಮೂರಕ್ಕೂ ಸಂಬಂಧ ಬೇರೆ ಬೇರೆ, ಕನ್ನಡ ಅದನ್ನ ಬಾಯಿಬಿಟ್ಟು ಹೇಳಲೇಬೇಕು. ನಡುವೆ ಬರೋ 'ಸ್' ನೋಡಿ ಷಷ್ಠಿ ಅಂದುಕೊಳ್ಳೋರು ಇದಾರೆ. ಆರ್ಬೈಟ್ ಸ್ತ್ರೀಲಿಂಗ, ಅದರ ಷಷ್ಠಿ ರೂಪದಲ್ಲಿ 'ಸ್' ಬರೋದೇ ಇಲ್ಲ, ಸಮಾಸದಲ್ಲಿ ಮಾತ್ರ ಬರುತ್ತೆ. ಅದು ಬರೀ ಅಂಟು, ಅರ್ಥ ಹೇಳಲ್ಲ. ವಿಭಕ್ತೀನ ನೀವೇ ಸಂದರ್ಭ ನೋಡಿ ಹಾಕಬೇಕು. ಸಂಸ್ಕೃತದಲ್ಲಿ ಮತ್ತೆ ಸಮಾಸ ಕಟ್ಟಿದರೆ ಆ ಕೆಲಸ ತಪ್ಪಿಸಿಕೊಂಡ ಹಾಗಾಯ್ತು. ವಿಗ್ರಹವಾಕ್ಯ ಬಿಡಿಸಿ!

"ಬಿಡಿಸಿದರೂ ಅರ್ಥ ಬರದ ಪದಗಳಿಲ್ವಾ?" ಅಂತೀರಿ. ಇವೆ. ಫೈಯರ್‌ಆಬೆಂಡ್. ಬಿಡಿಸಿದರೆ ಹಬ್ಬದ ಸಂಜೆ. ಆದರೆ ನೈಟ್ ಡ್ಯೂಟಿ ಮಾಡಿದ ನರ್ಸ್‌ಗೆ ಬೆಳಿಗ್ಗೇನೇ ಫೈಯರ್‌ಆಬೆಂಡ್! ಅಂದ್ರೆ ಆ ದಿನದ ಕೆಲಸ ಮುಗಿಸಿ ಬಿಟ್ಟ ಹೊತ್ತು. ನನ್ನ ಹತ್ತಿರ ಕಲಿತ ಹುಡುಗಿ ಒಬ್ಬಳು ಅಲ್ಲಿಂದ ಅಮ್ಮನಿಗೆ ಫೋನ್ ಮಾಡಿ "ಅಮ್ಮ, ಡ್ಯೂಟಿ ಬಿಡ್ತು" ಅಂತಾಳೆ. ಅದೇ ಸರಿಯಾದ ಕನ್ನಡ. ಇಂಥ ಪದ ಗುರುತಿಸೋದು ಕಷ್ಟ ಇಲ್ಲ. ಬಿಡಿಸಿದ ಅರ್ಥಾನ ಒಂದು ವಾಕ್ಯದಲ್ಲಿ ಇಟ್ಟು ನೋಡಿ, ಬೆಳಿಗ್ಗೆ ಆರಕ್ಕೆ ಸಂಜೆ ಬಂದರೆ ಅಲ್ಲೇ ಗೊತ್ತಾಗುತ್ತೆ.

ಇನ್ನು "ಸರ್ಕಾರಿ ಪತ್ರಕ್ಕೆ ಗಾಂಭೀರ್ಯ ಬೇಡ್ವಾ" ಅನ್ನೋರಿಗೆ. ಜರ್ಮನ್‌ರೇ ದಿನಾ ಈ ಉದ್ದ ಪದ ಆಡಲ್ಲ. ಮೊದಲಕ್ಷರ ಹಿಡಿದು ಆ-ಊ ಅಂತಾರೆ, ಇಲ್ಲಾಂದ್ರೆ ಕ್ರಾಂಕ್‌ಶ್ರೈಬುಂಗ್, ಹುಷಾರಿಲ್ಲ ಅಂತ ಬರೆದುಕೊಡೋದು. ಮೊದಲು ಹಳದಿ ಕಾಗದದಲ್ಲಿ ಬರ್ತಿತ್ತು, ಹಳದಿ ಚೀಟಿ ಅಂತಲೂ ಕರೀತಿದ್ದರು. ಚೀಟಿ! ಕಾಯಿಲೆ ಮೂರು ದಿನ ದಾಟಿದರೆ ಇದು ಬೇಕೇ ಬೇಕು, ಕೆಲಸ ಕೊಟ್ಟೋರು ಅದಕ್ಕೂ ಮುಂಚೆ ಕೇಳಬಹುದು. ಸರ್ಕಾರಿ ಆರೋಗ್ಯ ವಿಮೆ ಇರೋರಿಗೆ 2023ರಿಂದ ಇದು ಕಂಪ್ಯೂಟರಲ್ಲೇ ಹೋಗುತ್ತೆ, ಆದರೂ ಹುಷಾರಿಲ್ಲ ಅಂತ ಕೆಲಸದ ಜಾಗಕ್ಕೆ ನೀವೇ ತಿಳಿಸಬೇಕು. ಜ್ವರದಲ್ಲಿ ಮಲಗಿರೋ ಮನುಷ್ಯನಿಗೆ ಇದು ಗೊತ್ತಾಗಬೇಕಾ, ಪ್ರಮಾಣಪತ್ರದ ಗಾಂಭೀರ್ಯ ಗೊತ್ತಾಗಬೇಕಾ?

ಬಿಡಿಸಿ ರೀ. ದಯವಿಟ್ಟು ಬಿಡಿಸಿ. ಉದ್ದ ಆದರೆ ಆಗಲಿ, ನಮ್ಮ ಬಾಯಿಗೇನು ನೋವಾ?

ಶನಿವಾರ ಸಂಜೆ ಏಳಕ್ಕೆ ಲೈವ್ ಇದೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಂಡು ಬನ್ನಿ. ಬರೋವಾಗ ಇದನ್ನ ಬಿಡಿಸಿಕೊಂಡು ಬನ್ನಿ: ಕ್ರಾಂಕೆನ್‌ಫೆರ್‌ಸಿಶರುಂಗ್ಸ್‌ಕಾರ್ಟೆ. ಕ್ರಾಂಕೆ ಅಂದ್ರೆ ಕಾಯಿಲೆಯೋರು, ಫೆರ್‌ಸಿಶರುಂಗ್ ಅಂದ್ರೆ ವಿಮೆ, ಕಾರ್ಟೆ ಗೊತ್ತೇ ಇದೆ. ವಿಭಕ್ತಿ ನೀವು ಹಾಕಿ. ಕಾರ್ಯಾಸಾಮರ್ಥ್ಯ ಬರೆದೋರೇ, ನೀವೂ ಬರಬೇಕು, ಮೊದಲು ನಿಮ್ಮದೇ ಓದ್ತೀನಿ.