ಇರಬೇಕು, ಇರಬಹುದು, ಇರಲಾರದು

ಕೇಳುಗರಿಗೆ ನಮಸ್ಕಾರ.

ಎದುರು ಮನೆಗೆ ಬೀಗ ಬಿದ್ದಿದೆ, ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಉಳಿದಿದೆ. ನೀವು “ಊರಿಗೆ ಹೋಗಿರಬೇಕು” ಎನ್ನುತ್ತೀರಿ. ಅದನ್ನು ಯಾರೂ ಅಪ್ಪಣೆ ಎಂದುಕೊಳ್ಳುವುದಿಲ್ಲ. ಕಂಡದ್ದರಿಂದ ಕಾಣದ್ದನ್ನು ಊಹಿಸಿದ್ದೀರಿ, ಅಷ್ಟೆ. ಇಂಗ್ಲಿಷಿನ ‘ಮಸ್ಟ್’ ಕೂಡ ನಮ್ಮ ‘ಬೇಕು’ವಿನಂತೆ ಈ ಎರಡೂ ಕೆಲಸ ಮಾಡುತ್ತದೆ. ‘ಹೋಗಿ-ಇರ-ಬೇಕು’ ಎಂಬುದನ್ನು ಹಿಂದಿನಿಂದ ಓದಿ: ‘ಮಸ್ಟ್ ಹ್ಯಾವ್ ಗಾನ್’. ಶಾಲೆಯಲ್ಲಿ ಯಾರಾದರೂ ಇದನ್ನು ತೋರಿಸಿದ್ದರೆ ನನಗೆ ಎಷ್ಟೋ ಬಾಯಿಪಾಠ ತಪ್ಪುತ್ತಿತ್ತು.

ಆದರೆ ಈ ಹೋಲಿಕೆಯನ್ನು ಎಲ್ಲ ಕಡೆಯೂ ನಂಬುವಂತಿಲ್ಲ. ‘ಬಹುದು’ ಎಂದೊಡನೆ ನಮ್ಮ ನಾಲಿಗೆಗೆ ‘ಕ್ಯಾನ್’ ಬರುತ್ತದೆ. “ಅವಳು ಮನೆಯಲ್ಲಿರಬಹುದು” ಎನ್ನಲು “ಶಿ ಕ್ಯಾನ್ ಬಿ ಅಟ್ ಹೋಮ್” ಎಂದರೆ ತಪ್ಪು. ಈ ಹೊತ್ತಿನ ಒಂದು ಸಂಗತಿಯನ್ನು ಊಹಿಸಲು ಬೇಕಾದದ್ದು ‘ಮೇ’, ‘ಮೈಟ್’ ಅಥವಾ ‘ಕುಡ್’. “ಮಡಿಕೇರಿ ಕ್ಯಾನ್ ಬಿ ಕೋಲ್ಡ್” ಎಂದರೆ ಸರಿ, ಏಕೆಂದರೆ ಅಲ್ಲಿ ಆಗಾಗ ಚಳಿಯಾಗುವುದುಂಟು ಎಂಬುದು ಅದರ ಅರ್ಥ.

ನಿಷೇಧದಲ್ಲಿ ಎಡವುವವರು ಇನ್ನೂ ಹೆಚ್ಚು. ಊಹೆಯ ‘ಮಸ್ಟ್’ಗೆ ಎದುರಾದದ್ದು ‘ಮಸ್ಟ್ ನಾಟ್’ ಅಲ್ಲ, ‘ಮಸ್ಟ್ ನಾಟ್’ ಎಂದರೆ ನಮ್ಮ ‘ಕೂಡದು’. ಖಚಿತವಾಗಿ ಅಲ್ಲಗಳೆಯುವ ‘ಇರಲಾರದು’ ಎಂಬುದಕ್ಕೆ ‘ಕಾಂಟ್ ಬಿ’ ಬರಬೇಕು. ‘ಇರಲಿಕ್ಕಿಲ್ಲ’ ಎಂದು ಸ್ವಲ್ಪ ಅನುಮಾನ ಉಳಿಸಿಕೊಳ್ಳುವುದಾದರೆ ‘ಮೈಟ್ ನಾಟ್ ಬಿ’.

ಕೇಂಬ್ರಿಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ವಾಕ್ಯ ಬದಲಿಸುವ 6 ಪ್ರಶ್ನೆಗಳಿರುತ್ತವೆ. ಅಂಥದ್ದೊಂದನ್ನು ನಾವೇ ಮಾಡಿಕೊಳ್ಳೋಣ: “ಐ ಆ್ಯಮ್ ಶೂರ್ ಶಿ ಡಿಡ್ ನಾಟ್ ಲೀವ್ ದ ಕೀಸ್ ಅಟ್ ಹೋಮ್.” ಕೊಟ್ಟ ಪದ ‘ಕಾಂಟ್’, ಅದನ್ನು ಬದಲಿಸದೆ, ಅದೂ ಸೇರಿ 2ರಿಂದ 5 ಪದಗಳಲ್ಲಿ ಅದೇ ಅರ್ಥದ ಇನ್ನೊಂದು ವಾಕ್ಯದಲ್ಲಿ ‘ಶಿ’ಗೂ ‘ದ ಕೀಸ್ ಅಟ್ ಹೋಮ್’ಗೂ ನಡುವಿನ ಜಾಗ ತುಂಬಬೇಕು. ‘ಶೂರ್’ ಇರುವುದರಿಂದ ಊಹೆ ಖಚಿತ, ‘ಡಿಡ್ ನಾಟ್’ ಇರುವುದರಿಂದ ಅದು ಹಿಂದಿನ ಮಾತು. ನಮ್ಮ ‘ಬಿಟ್ಟಿರಲಾರಳು’ ಅಲ್ಲಿ ‘ಕಾಂಟ್ ಹ್ಯಾವ್ ಲೆಫ್ಟ್’ ಆಗುತ್ತದೆ. ‘ಕಾಂಟ್ ಲೀವ್’ ಎಂದು ಬರೆದವರು ಕೀಲಿಕೈ ಬಿಡಲು ಆಗುವುದೇ ಇಲ್ಲ ಎಂದಂತಾಯಿತು.

ಮಾತಿನ ಪರೀಕ್ಷೆಯಲ್ಲಿ 2 ಚಿತ್ರಗಳನ್ನು ಕೊಟ್ಟು, ಅವನ್ನು ಹೋಲಿಸಿ 1 ನಿಮಿಷ ಮಾತನಾಡಲು ಹೇಳುತ್ತಾರೆ. ಆಗ ಕೆಲವರು ಎಲ್ಲ ವಾಕ್ಯಕ್ಕೂ ‘ಮೈಟ್’ ಅಂಟಿಸುತ್ತಾರೆ. ಹೆಂಗಸಿನ ಕೈಯಲ್ಲಿ ಕೊಡೆ ಕಾಣುತ್ತಿದ್ದರೆ ಕೊಡೆ ಹಿಡಿದಿದ್ದಾಳೆ ಎಂದೇ ಹೇಳಬೇಕು; ಕಣ್ಣಿಗೆ ಕಂಡದ್ದಕ್ಕೆ ಊಹೆಯೇಕೆ? ಕೊಡೆ ಬಿಚ್ಚಿದೆ, ನೆಲ ಒದ್ದೆಯಾಗಿದೆ ಎಂದರೆ ‘ಇಟ್ ಮಸ್ಟ್ ಬಿ ರೇನಿಂಗ್’. ಕೊಡೆ ಬಿಚ್ಚಿದೆ, ನೆಲ ಮಾತ್ರ ಒಣಗಿದೆ, ಅವಳ ನೆರಳು ಬಿದ್ದಿದೆ ಎಂದರೆ ‘ಇಟ್ ಕಾಂಟ್ ಬಿ ರೇನಿಂಗ್, ಶಿ ಮಸ್ಟ್ ಬಿ ಯೂಸಿಂಗ್ ಇಟ್ ಫಾರ್ ದ ಸನ್’.

ನಮಸ್ಕಾರ.